ಲಿಯೋನ್‌ಗೆ ಹೋಗಬೇಕಾದ ಮೇಲ್: "1,650" ಅಂತ ಬರೆದ್ರೆ ಅವರು ಎಷ್ಟು ಅಂತ ಓದ್ತಾರೆ?

ಬುಗುರಿ_ಚನ್ನಪಟ್ಟಣ

ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದಲ್ಲಿ ಮರದ ಆಟಿಕೆ ಮಾಡಿ ಹೊರದೇಶಕ್ಕೆ ಕಳಿಸೋ ಸಣ್ಣ ಘಟಕವೊಂದರಲ್ಲಿ ಆಫೀಸ್ ಕೆಲಸ ನೋಡ್ಕೋತೀನಿ. ಫ್ರಾನ್ಸಿನ ಲಿಯೋನ್‌ನಲ್ಲಿರೋ ಒಂದು ಅಂಗಡಿಯವರು ಬುಗುರಿ, ಗಿಲಕಿ ಕೇಳಿದ್ದಾರೆ. ಅವರ ಮೇಲ್ ಪೂರ್ತಿ ಫ್ರೆಂಚ್‌ನಲ್ಲಿತ್ತು. ನಮ್ಮ ಯಜಮಾನರ ಅಕ್ಕನ ಮಗಳು ಒಂದಿಷ್ಟು ಫ್ರೆಂಚ್ ಕಲಿತಿದ್ದಾಳೆ. ಉತ್ತರದ ವಾಕ್ಯಗಳನ್ನೆಲ್ಲ ಅವಳೇ ಬರೆದುಕೊಟ್ಟಳು. ಅಂಕಿಗಳನ್ನು ಮಾತ್ರ ನಾನು ಟೈಪ್ ಮಾಡಿದ ಹಾಗೇ ಬಿಟ್ಟಿದ್ದಾಳೆ. ಇನ್ನೂ ಕಳಿಸಿಲ್ಲ, ಕಳಿಸೋ ಮುಂಚೆ ಒಮ್ಮೆ ನೋಡಿ ಹೇಳಿ.

```
Jeudi, 5 Juin 2025
Toupies: 2,500 x €0.85 = €2,125
Hochets: 1,200 x €1.375 = €1,650
Transport: €310.50
Total: €4,085.50
Acompte 30%: €1,225.65
Appel: 09/06/25, 6.00 PM
```

ಇನ್ನೆರಡು ಅನುಮಾನ ಇದೆ. ಅವರ ಮೇಲ್‌ನಲ್ಲಿ `livraison S27` ಅಂತ ಒಂದು ಸಾಲಿದೆ. ಅಷ್ಟು ಗೊತ್ತಾಯ್ತು, ಸರಕು ಯಾವಾಗ ಅನ್ನೋ ವಿಚಾರ. ಆದರೆ S27 ಯಾವ ತಾರೀಕು? ಮತ್ತೆ ಸಹಿಯ ಕೆಳಗಿದ್ದ ಮೊಬೈಲ್ ನಂಬರನ್ನು ಮುಂದೆ +33 ಸೇರಿಸಿ ಸೇವ್ ಮಾಡಿದೆ. ವಾಟ್ಸಾಪ್‌ನಲ್ಲಿ ಆ ಹೆಸರೇ ಕಾಣಿಸ್ತಿಲ್ಲ.

ಮಂಜು_ವಿಜಯನಗರ

ಬಹಳ ಸಿಂಪಲ್. ಯುರೋಪಿನಲ್ಲಿ ಎಲ್ಲಾ ಉಲ್ಟಾ. ನಮ್ಮ ಚುಕ್ಕಿ ಇದ್ದಲ್ಲಿ ಕಾಮಾ, ಕಾಮಾ ಇದ್ದಲ್ಲಿ ಚುಕ್ಕಿ. `4.085,50` ಅಂತ ಹಾಕಿ, ಮುಗೀತು. ತಾರೀಕಿಗೆ `2025-06-05` ಹಾಕಿಬಿಡಿ, ಪ್ರಪಂಚದಲ್ಲಿ ಯಾರಿಗೂ ಗೊಂದಲ ಆಗಲ್ಲ.

ಲಲಿತಾ_ಲೆಡ್ಜರ್

ಮಂಜು, ಅರ್ಧ ಸರಿ ಹೇಳಿದ್ರಿ. ದಶಮಾಂಶಕ್ಕೆ ಕಾಮಾ ಅನ್ನೋದು ನಿಜ. ಆದರೆ ಸಾವಿರಕ್ಕೆ ಚುಕ್ಕಿ ಇಡೋದು ಜರ್ಮನಿ, ಇಟಲಿ ಕಡೆಯ ಪದ್ಧತಿ. ಫ್ರೆಂಚರು ಅಲ್ಲಿ ಜಾಗ ಬಿಡ್ತಾರೆ, ಅಷ್ಟೇ. `4 085,50 €`. ಯೂರೋ ಚಿಹ್ನೆ ಹಿಂದೆ ಬರುತ್ತೆ, ಅದಕ್ಕೂ ಅಂಕಿಗೂ ನಡುವೆ ಇನ್ನೊಂದು ಜಾಗ. ಚುಕ್ಕಿ ಇಟ್ಟರೆ ಫ್ರೆಂಚ್ ಓದುಗರಿಗೆ ಅರ್ಥ ಆಗದೆ ಇರಲ್ಲ, ಆದರೆ ಅದು ಅವರ ಬರವಣಿಗೆ ಅಲ್ಲ.

ಬುಗುರಿ ಅವರೇ, ನಾನು ಬೆಂಗಳೂರಿನಲ್ಲಿ ಕೂತು ಫ್ರಾನ್ಸಿನ ಸಪ್ಲೈಯರ್‌ಗಳ ಬಿಲ್ ಬುಕ್ ಮಾಡೋ ಕೆಲಸ ಬಹಳ ವರ್ಷ ಮಾಡಿದ್ದೀನಿ. ನಿಮ್ಮ ಡ್ರಾಫ್ಟ್‌ನಲ್ಲಿ ನನಗೆ ಹೆದರಿಕೆ ಹುಟ್ಟಿಸೋ ಸಾಲು ಮೂರನೆಯದು. ಫ್ರೆಂಚ್ ಕಣ್ಣಿಂದ ಓದಿ ನೋಡಿ. `€1.375` ಅನ್ನೋದು ಗಿಲಕಿಯ ಬಿಡಿ ಬೆಲೆ. ಸಾವಿರಕ್ಕೆ ಚುಕ್ಕಿ ಇಡೋ ಬೇರೆ ದೇಶದ ಬಿಲ್‌ಗಳನ್ನೂ ನೋಡಿ ರೂಢಿ ಇರೋರು ಅದನ್ನ ಸಾವಿರದ ಮುನ್ನೂರ ಎಪ್ಪತ್ತೈದು ಅಂತ ಓದಬಹುದು. ಪಕ್ಕದ `€1,650` ಅನ್ನೋದು ಒಟ್ಟು ಮೊತ್ತ. ಅದನ್ನ ಅವರು ಒಂದು ಯೂರೋ ಅರವತ್ತೈದು ಸೆಂಟ್ ಅಂತ ಓದ್ತಾರೆ. ಅಂದರೆ ಬಿಡಿ ಬೆಲೆ ಒಟ್ಟು ಮೊತ್ತದ ಹಾಗೆ ಕಾಣುತ್ತೆ, ಒಟ್ಟು ಮೊತ್ತ ಬಿಡಿ ಬೆಲೆ ಹಾಗೆ ಕಾಣುತ್ತೆ. ಸಗಟು ವ್ಯಾಪಾರದಲ್ಲಿ ಬಿಡಿ ಬೆಲೆ ಮೂರು ದಶಮಾಂಶಕ್ಕೆ ಇರೋದು ಮಾಮೂಲಿ. ಹಾಗಾಗಿ ಓದೋರಿಗೆ ಇಲ್ಲೇನೋ ಎಡವಟ್ಟಾಗಿದೆ ಅಂತ ಅನುಮಾನವೂ ಬರಲ್ಲ.

ಅದೇ `€4,085.50` ನೋಡಿ. ಅದನ್ನ ಯಾವ ಫ್ರೆಂಚರೂ ತಪ್ಪು ಓದಲ್ಲ. ಕಾಮಾ, ಚುಕ್ಕಿ ಎರಡೂ ಇರೋದರಿಂದ ಕೊನೇದು ದಶಮಾಂಶ ಅಂತ ತಾನಾಗೇ ಗೊತ್ತಾಗುತ್ತೆ. `310.50` ಕೂಡ ಪರವಾಗಿಲ್ಲ, ಚುಕ್ಕಿ ಆದಮೇಲೆ ಎರಡೇ ಅಂಕಿ ಇದೆ, ಅದು ಸಾವಿರ ಆಗೋಕೆ ಸಾಧ್ಯವೇ ಇಲ್ಲ. ಅಪಾಯ ಇರೋದು ಒಂದೇ ಕಡೆ: ಒಂದೇ ಒಂದು ಗುರುತು, ಅದರ ಮುಂದೆ ಸರಿಯಾಗಿ ಮೂರು ಅಂಕಿ. ಅಂಥ ಸಂಖ್ಯೆ ಕಂಡ ಕಡೆಯೆಲ್ಲ ಕೈ ನಿಲ್ಲಿಸಿ. ನಿಮ್ಮ ಡ್ರಾಫ್ಟ್‌ನಲ್ಲಿ `2,500`, `2,125`, `1,200`, `1.375`, `1,650` ಎಲ್ಲಾ ಆ ಜಾತಿಯವೇ.

ಶೆಟ್ರು_ಮಂಗಳೂರು

ಅಮ್ಮಾ, ಇನ್‌ವಾಯ್ಸ್‌ನಲ್ಲಿ ಫ್ರೆಂಚ್ ಗಿಂಚ್ ಎಲ್ಲ ಹಾಕಬೇಡಿ. ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎಲ್ಲಾ ಇಂಗ್ಲಿಷ್‌ನಲ್ಲಿ ಒಂದಕ್ಕೊಂದು ತಾಳೆ ಆಗಬೇಕು. ಇಲ್ಲಾಂದ್ರೆ ಕಸ್ಟಮ್ಸ್ ಏಜೆಂಟ್ ನಿಮ್ಮನ್ನ ಸುಮ್ಮನೆ ಬಿಡಲ್ಲ. ನಾವು ಗೋಡಂಬಿ ಕಳಿಸೋದು, ಎಲ್ಲಾ ಕಡೆ `4,085.50` ಅಂತಲೇ ಬರೆಯೋದು. ಈವರೆಗೆ ಯಾರೂ ಕೇಳಿಲ್ಲ.

ಬುಗುರಿ_ಚನ್ನಪಟ್ಟಣ

ಇಲ್ಲ ಸಾರ್, ಇದು ಇನ್‌ವಾಯ್ಸ್ ಅಲ್ಲ. ಬರೀ ಬೆಲೆ ಹೇಳೋ ಮೇಲ್. ಇನ್‌ವಾಯ್ಸ್ ಆರ್ಡರ್ ಬಂದ ಮೇಲೆ ಇಂಗ್ಲಿಷ್‌ನಲ್ಲೇ ಮಾಡ್ತೀವಿ.

ಲಲಿತಕ್ಕ, ನಾಲ್ಕು ಅಂಕಿಗೂ ಜಾಗ ಬಿಡಬೇಕಾ? `2 500` ನೋಡೋಕೆ ಎರಡು ಬೇರೆ ಬೇರೆ ಸಂಖ್ಯೆ ಥರ ಇದೆ.

ಲಲಿತಾ_ಲೆಡ್ಜರ್

ಶೆಟ್ರು ಹೇಳಿದ್ದರಲ್ಲೂ ಒಂದು ಮಾತು ಹಿಡ್ಕೊಳ್ಳಿ. ಮುಂದೆ ಕಳಿಸೋ ಇನ್‌ವಾಯ್ಸ್‌ನಲ್ಲಿ ಎಲ್ಲಾ ಮೊತ್ತಕ್ಕೂ `.00` ಬಿಡದೆ ಹಾಕಿ. `1,650.00` ಅಂದ್ರೆ ಎರಡು ಗುರುತು ಬಂತು, ಯಾವ ದೇಶದವರು ಓದಿದರೂ ಒಂದೇ ಮೊತ್ತ. ಇಂಗ್ಲಿಷ್ ಕಾಗದಕ್ಕೆ ಅಷ್ಟು ಸಾಕು. ಲಕ್ಷದ ಕಾಮಾ ಮಾತ್ರ ಬೇಡ. `1,25,000.00` ಕಂಡ್ರೆ ಅವರು ಟೈಪಿಂಗ್ ತಪ್ಪು ಅಂದುಕೊಳ್ತಾರೆ, ಯಾವುದೋ ಅಂಕಿ ಬಿಟ್ಟುಹೋಗಿದೆ ಅಂತ ವಾಪಸ್ ಕೇಳ್ತಾರೆ. ಫ್ರೆಂಚ್‌ನಲ್ಲಿ ಅದು `125 000,00 €`, ಮೂರು ಮೂರರ ಗುಂಪು.

ನಾಲ್ಕು ಅಂಕಿಗೆ ಜಾಗ ಬಿಡದೇ ಇದ್ದರೂ ನಡೆಯುತ್ತೆ, `2500` ಅಂತ ಅವರೂ ಬರೀತಾರೆ. ಆದರೆ ಒಂದೇ ಪಟ್ಟಿಯಲ್ಲಿ `2500` ಒಂದು ಸಾಲು, `12 500` ಇನ್ನೊಂದು ಸಾಲು ಬಂದರೆ ಚೆನ್ನಾಗಿ ಕಾಣಲ್ಲ. ಪಟ್ಟಿಯಲ್ಲಿ ಎಲ್ಲಕ್ಕೂ ಬಿಡಿ.

ಎರಡು ಸಂಖ್ಯೆ ಥರ ಕಾಣುತ್ತೆ ಅಂದ್ರಲ್ಲ, ಅದಕ್ಕೆ ಕಾರಣ ಮಾಮೂಲಿ ಸ್ಪೇಸ್. ಮಾಮೂಲಿ ಸ್ಪೇಸ್ ಹಾಕಿದರೆ ಸಾಲು ಅಲ್ಲೇ ಮುರಿಯಬಹುದು. ಮೊಬೈಲ್‌ನಲ್ಲಿ ಮೇಲ್ ತೆರೆದಾಗ ಸಾಲಿನ ಕೊನೆಯಲ್ಲಿ `4` ಮಾತ್ರ ಉಳಿದು, ಕೆಳಗಿನ ಸಾಲು `085,50 €` ಅಂತ ಶುರುವಾಗುತ್ತೆ. ಬೇಗ ಬೇಗ ಓದೋರು ಎಂಬತ್ತೈದು ಯೂರೋ ಅಂತಲೇ ಓದಿಬಿಡ್ತಾರೆ. ಅದಕ್ಕೆ ಮುರಿಯದ ಸ್ಪೇಸ್ ಅಂತ ಬೇರೆಯೇ ಇದೆ. ವರ್ಡ್‌ನಲ್ಲಿ `Ctrl+Shift+Space`. ವಿಂಡೋಸ್‌ನಲ್ಲಿ `Alt` ಒತ್ತಿಕೊಂಡು ನಂಬರ್ ಪ್ಯಾಡ್‌ನಲ್ಲಿ `0160`. ಸಾವಿರದ ಜಾಗಕ್ಕೂ ಹಾಕಿ, `€` ಮುಂಚೆಯೂ ಹಾಕಿ, `30 %` ನಡುವೆಯೂ ಹಾಕಿ. ಹೌದು, ಶೇಕಡಾ ಗುರುತಿಗೂ ಮುಂಚೆ ಜಾಗ ಬಿಡ್ತಾರೆ. `Total :` ಅಂತ ಕೋಲನ್ ಮುಂಚೆ ಕೂಡ. ಬಿಡದೇ ಹೋದರೆ ಆಕಾಶ ಬಿದ್ದುಹೋಗಲ್ಲ, ಆದರೆ ಬರೆದವರು ಫ್ರೆಂಚರಲ್ಲ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ.

ರವಿ_ತುಲೂಸ್

ತಡವಾಗಿ ನೋಡಿದೆ. ದುಡ್ಡಿನ ವಿಚಾರ ಲಲಿತಾ ಮೇಡಂ ಹೇಳಿದ್ದಾರೆ, ನಾನು ತಾರೀಕಿಗೆ ಬರ್ತೀನಿ.

ಬುಗುರಿ, ನೀವು ಕಾಲ್ ಇಟ್ಟಿರೋ 9ನೇ ತಾರೀಕು ಇಲ್ಲಿ ರಜೆ! 2025ರಲ್ಲಿ ಪೆಂಟಕೋಸ್ಟ್ ಸೋಮವಾರ ಬಂದಿರೋದು ಜೂನ್ 9ಕ್ಕೆ. ಕೆಲವು ಕಂಪನಿಗಳು ಅವತ್ತು ಕೆಲಸ ಮಾಡ್ತವೆ, ಆದರೆ ಸಣ್ಣ ಅಂಗಡಿಯವರು ಫೋನ್ ಎತ್ತುತ್ತಾರೆ ಅಂತ ನಂಬಿಕೊಳ್ಳಬೇಡಿ. ತಾರೀಕಿನ ಜೊತೆ ವಾರ ಬರೆಯೋ ಅಭ್ಯಾಸ ಇದಕ್ಕೇ ಒಳ್ಳೇದು. `lundi 9 juin` ಅಂತ ಬರೆದಿದ್ರೆ ಓದಿದ ತಕ್ಷಣ ಅವರೇ ಹೇಳ್ತಿದ್ರು. `09/06/25` ಅಂದ್ರೆ ಯಾರಿಗೂ ಏನೂ ಹೊಳೆಯಲ್ಲ.

ತಾರೀಕಿನ ಕ್ರಮ ನಮಗೂ ಅವರಿಗೂ ಒಂದೇ: ದಿನ, ತಿಂಗಳು, ವರ್ಷ. ಆ ಲೆಕ್ಕದಲ್ಲಿ `09/06/25` ತಪ್ಪಲ್ಲ. ಆದರೆ ಇಂಡಿಯಾದಿಂದ ಬರೋ ಫೈಲ್‌ಗಳಲ್ಲಿ ಒಂದು ತೊಂದರೆ ನೋಡಿದ್ದೀನಿ. ಕಂಪ್ಯೂಟರ್ ಸೆಟ್ಟಿಂಗ್ ಅಮೆರಿಕನ್ ಇಂಗ್ಲಿಷ್‌ನಲ್ಲೇ ಇರುತ್ತೆ, ಶೀಟ್‌ನಿಂದ ಕಾಪಿ ಮಾಡಿದಾಗ ತಿಂಗಳು ಮುಂದೆ ಬಂದುಬಿಡುತ್ತೆ. ತಿಂಗಳನ್ನ ಅಕ್ಷರದಲ್ಲಿ ಬರೆದರೆ ಆ ತಲೆನೋವೇ ಇಲ್ಲ. `jeudi 5 juin 2025`. ವಾರ, ತಿಂಗಳು ಎರಡೂ ಸಣ್ಣ ಅಕ್ಷರ, ನಡುವೆ ಕಾಮಾ ಇಲ್ಲ. `5th` ಥರದ್ದೂ ಇಲ್ಲ. ಒಂದನೇ ತಾರೀಕಿಗೆ ಮಾತ್ರ `1er juillet`, ಮಿಕ್ಕಿದ್ದೆಲ್ಲ ಬರೀ ಅಂಕಿ. ನಿಮ್ಮ ಡ್ರಾಫ್ಟ್‌ನ `Jeudi, 5 Juin` ಕಂಡ್ರೆ ಯಾರೂ ತಪ್ಪು ತಿಳಿಯಲ್ಲ, ಇಂಗ್ಲಿಷ್‌ನಿಂದ ಬಂದಿದೆ ಅಂತ ಗೊತ್ತಾಗುತ್ತೆ ಅಷ್ಟೆ.

ಸಮಯಕ್ಕೆ `14 h 30`. ಮೇಲ್‌ಗಳಲ್ಲಿ ಜಾಗ ಬಿಡದೆ `14h30` ಅಂತ ಬರೆಯೋರೇ ಜಾಸ್ತಿ, ಎರಡೂ ನಡೆಯುತ್ತೆ. ಪೂರ್ತಿ ಗಂಟೆ ಇದ್ದರೆ `15 h` ಸಾಕು, ಹಿಂದೆ ಸೊನ್ನೆ ಎಳೆಯೋದು ಬೇಡ. `6.00 PM` ಬೇಡವೇ ಬೇಡ. ಚುಕ್ಕಿ ಹಾಕಿದ ಸಮಯ ಇಲ್ಲಿ ಯಾರ ಕಣ್ಣಿಗೂ ಸಮಯ ಅನ್ನಿಸಲ್ಲ.

ಮತ್ತೆ ಯಾರ ಗಡಿಯಾರದ 6 ಗಂಟೆ ಅಂತ ನೀವು ಬರೆದೇ ಇಲ್ಲ. ಈಗ ಬೇಸಿಗೆ ಸಮಯ ನಡೀತಿದೆ, ನಮಗೂ ನಿಮಗೂ ಮೂರೂವರೆ ಗಂಟೆ ವ್ಯತ್ಯಾಸ. ನಿಮ್ಮ ಸಂಜೆ 6 ಅಂದ್ರೆ ಇಲ್ಲಿ ಮಧ್ಯಾಹ್ನ 2:30. ಅಕ್ಟೋಬರ್ ಕೊನೇ ಭಾನುವಾರ ಆದಮೇಲೆ ಅದು ನಾಲ್ಕೂವರೆ ಆಗುತ್ತೆ, ಮಾರ್ಚ್ ಕೊನೇ ಭಾನುವಾರದವರೆಗೆ. ವಾರವಾರ ಇದೇ ಹೊತ್ತಿಗೆ ಕಾಲ್ ಅಂತ ನಿಗದಿ ಮಾಡಿಕೊಂಡರೆ ಅಕ್ಟೋಬರ್‌ನಲ್ಲಿ ಒಬ್ಬರು ಒಂದು ಗಂಟೆ ಕಾಯ್ತಾ ಕೂರ್ತಾರೆ. `14 h 30 (heure de Paris)` ಅಂತ ಬರೆದುಬಿಡಿ, ಲೆಕ್ಕ ಹಾಕೋ ಕೆಲಸ ನಿಮ್ಮ ಕಡೆಗೇ ಇರಲಿ.

ಜಯಂತ_ಮಾಂಟ್ರಿಯಲ್

ನಮ್ಮಲ್ಲಿ ಫ್ರೆಂಚ್‌ನಲ್ಲೂ ತಾರೀಕು `2025-06-05` ಅಂತಲೇ ಬರೆಯೋದು. ಮಂಜು ಹೇಳಿದ್ದೇ ಸರಿ. ಫೋನ್ ನಂಬರೂ ಎರಡೆರಡಾಗಿ ಬರೆಯಲ್ಲ, `514 555-0142` ಥರ.

ರವಿ_ತುಲೂಸ್

ಜಯಂತ್, ಅದು ಕ್ವಿಬೆಕ್. ಅವರ ಗಿರಾಕಿ ಇರೋದು ಲಿಯೋನ್‌ನಲ್ಲಿ. ಇಲ್ಲಿ `2025-06-05` ಬರೆದ್ರೆ ಅರ್ಥ ಆಗುತ್ತೆ, ಫೈಲ್ ಹೆಸರಿಗೆ ನಾವೂ ಹಾಕ್ತೀವಿ. ಒಬ್ಬರು ಇನ್ನೊಬ್ಬರಿಗೆ ಬರೆಯೋ ಪತ್ರದಲ್ಲಿ ಅದು ಯಂತ್ರದಿಂದ ಬಂದ ಹಾಗಿರುತ್ತೆ.

ಶೆಟ್ರು_ಮಂಗಳೂರು

ಜಿನೀವಾದವರು ನಮಗೆ `1'250.50` ಅಂತ ಕಳಿಸ್ತಾರೆ, ಮಧ್ಯ ಒಂದು ಅಪಾಸ್ಟ್ರಫಿ. ಅವರೂ ಫ್ರೆಂಚೇ ಅಲ್ವಾ?

ಲಲಿತಾ_ಲೆಡ್ಜರ್

ಮಾತಾಡೋದು ಫ್ರೆಂಚ್, ಲೆಕ್ಕ ಬರೆಯೋದು ಸ್ವಿಸ್ ಪದ್ಧತಿ ಶೆಟ್ರೇ. ದುಡ್ಡಿಗೆ ಅವರು ಚುಕ್ಕಿಯನ್ನೇ ಬಳಸ್ತಾರೆ, ಸಾವಿರಕ್ಕೆ ಆ ಅಪಾಸ್ಟ್ರಫಿ. ಅದಕ್ಕೇ ನಾನು ಭಾಷೆಗಿಂತ ಮೊದಲು ವಿಳಾಸ ನೋಡು ಅಂತ ಹುಡುಗರಿಗೆ ಹೇಳ್ತಿದ್ದೆ. ಲಿಯೋನ್‌ಗೆ ಇದು ಬೇಡ.

ಬುಗುರಿ_ಚನ್ನಪಟ್ಟಣ

S27 ಯಾರೂ ಹೇಳ್ಲಿಲ್ಲ...

ರವಿ_ತುಲೂಸ್

ಕ್ಷಮಿಸಿ, ಮರೆತೆ. ವರ್ಷದ 27ನೇ ವಾರ. ಇಲ್ಲಿ ಸರಕು, ಕಾರ್ಖಾನೆ, ಮೀಟಿಂಗ್ ಎಲ್ಲಾ ವಾರದ ನಂಬರ್ ಮೇಲೆ ನಡೆಯುತ್ತೆ. ವಾರ ಶುರುವಾಗೋದು ಸೋಮವಾರ. ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿ ಬೀಳುತ್ತೋ ಅದು ಒಂದನೇ ವಾರ. ಹಾಗಾಗಿ 2025ರ S27 ಅಂದ್ರೆ ಜೂನ್ 30ರಿಂದ ಜುಲೈ 6. ಅಷ್ಟರೊಳಗೆ ಸರಕು ತಲುಪಬೇಕು ಅಂತಿದ್ದಾರೆ. ನಿಮ್ಮ ಉತ್ತರದಲ್ಲಿ `S27 (du 30 juin au 6 juillet)` ಅಂತ ತಾರೀಕು ಸೇರಿಸಿ ಬರೆಯಿರಿ, ಇಬ್ಬರೂ ಒಂದೇ ವಾರ ಹೇಳ್ತಿದ್ದೀರಿ ಅಂತ ಖಾತ್ರಿ ಆಗುತ್ತೆ. `S1 2025` ಅಂತ ಎಲ್ಲಾದ್ರೂ ಕಂಡ್ರೆ ಹುಷಾರು, ಅದು ಮೊದಲ ವಾರ ಇರಬಹುದು, ವರ್ಷದ ಮೊದಲ ಆರು ತಿಂಗಳೂ ಇರಬಹುದು. ಯಾವುದು ಅಂತ ಸುತ್ತಲ ಮಾತು ನೋಡಿಯೇ ತಿಳೀಬೇಕು.

ಮಂಜು_ವಿಜಯನಗರ

ಎಕ್ಸೆಲ್‌ನಲ್ಲಿ `WEEKNUM` ಇದೆಯಲ್ಲ, ತಾರೀಕು ಕೊಟ್ರೆ ವಾರ ಹೇಳುತ್ತೆ. ಈಗ ಹಾಕಿ ನೋಡಿದೆ, ಜೂನ್ 30ಕ್ಕೆ 27 ಅಂತಲೇ ಬಂತು.

ಲಲಿತಾ_ಲೆಡ್ಜರ್

ಈ ವರ್ಷ ತಾಳೆ ಆಗಿದ್ದು ಅದೃಷ್ಟ. `WEEKNUM` ತಾನಾಗಿ ಭಾನುವಾರದಿಂದ ವಾರ ಎಣಿಸುತ್ತೆ, ಜನವರಿ 1 ಇರೋದನ್ನೇ ಒಂದನೇ ವಾರ ಅನ್ನುತ್ತೆ. 2025ರಲ್ಲಿ ಭಾನುವಾರ, ಡಿಸೆಂಬರ್ ಕೊನೇ ಮೂರು ದಿನ ಬಿಟ್ಟು ಉಳಿದ ದಿನ ಸರಿ ಬರುತ್ತೆ. 2027ರ ಜನವರಿ 1 ಶುಕ್ರವಾರ. ಆ ವರ್ಷ ಬಹುತೇಕ ದಿನ ಒಂದು ವಾರ ಮುಂದೆ ತೋರಿಸುತ್ತೆ. `ISOWEEKNUM` ಬಳಸಿ.

ಎಕ್ಸೆಲ್ ಮಾತು ಬಂತಲ್ಲ, ಬುಗುರಿ ಅವರೇ, ಮೇಲ್ ಜೊತೆ ಬೆಲೆಪಟ್ಟಿ ಅಂಟಿಸೋದಿದ್ರೆ ಸಿಎಸ್‌ವಿ ಫೈಲ್ ಕಳಿಸಬೇಡಿ. ಅವರ ಕಂಪ್ಯೂಟರ್‌ನಲ್ಲಿ ಕಾಮಾ ದಶಮಾಂಶಕ್ಕೆ ಮೀಸಲು, ಕಾಲಂ ಬೇರ್ಪಡಿಸೋದು ಸೆಮಿಕೋಲನ್. ನಿಮ್ಮ ಫೈಲ್ ತೆರೆದರೆ ಎಲ್ಲಾ ಒಂದೇ ಕಾಲಂನಲ್ಲಿ ಗುಡ್ಡೆ ಬೀಳುತ್ತೆ. ಹೇಗೋ ಬೇರ್ಪಡಿಸಿಕೊಂಡರೂ `0.85` ಅವರ ಎಕ್ಸೆಲ್‌ಗೆ ಸಂಖ್ಯೆ ಅಲ್ಲ, ಬರೀ ಅಕ್ಷರ. ಕಂಡುಹಿಡಿಯೋದು ಸುಲಭ, ಅಕ್ಷರ ಆದದ್ದು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತೆ, ಮೊತ್ತ ಹಾಕಿದ್ರೆ ಸೊನ್ನೆ ಬರುತ್ತೆ. `.xlsx` ಕಳಿಸಿ. ಅದರಲ್ಲಿ ಸಂಖ್ಯೆ ಸಂಖ್ಯೆಯಾಗೇ ಇರುತ್ತೆ, ನಿಮ್ಮಲ್ಲಿ ಚುಕ್ಕಿ, ಅವರಲ್ಲಿ ಕಾಮಾ, ತೆರೆದವರ ಸೆಟ್ಟಿಂಗ್ ಪ್ರಕಾರ ತಾನೇ ಕಾಣಿಸುತ್ತೆ. ಸೆಲ್ ಒಳಗೆ ಕೈಯಾರೆ `€` ಟೈಪ್ ಮಾಡಬೇಡಿ, ಫಾರ್ಮ್ಯಾಟ್‌ನಿಂದ ಬರಿಸಿ.

ಅವರಿಂದ ಬಂದ ಮೇಲ್‌ನಿಂದ ಮೊತ್ತ ಕಾಪಿ ಮಾಡಿ ನಿಮ್ಮ ಶೀಟ್‌ಗೆ ಹಾಕುವಾಗಲೂ ಇದೇ ಗೋಳು. ಅಲ್ಲಿರೋ ಮುರಿಯದ ಸ್ಪೇಸ್ ಕಣ್ಣಿಗೆ ಕಾಣಲ್ಲ, ಬ್ಯಾಕ್‌ಸ್ಪೇಸ್ ಒತ್ತಿ ತೆಗೆಯೋಕೆ ಬೇಜಾರು. `€` ಅಳಿಸಿ ಇದನ್ನ ಹಾಕಿ:

```
=NUMBERVALUE(SUBSTITUTE(SUBSTITUTE(A2,UNICHAR(160),""),UNICHAR(8239),""),",",".")
```

ಎರಡು ಸಲ `SUBSTITUTE` ಯಾಕೆ ಅಂದ್ರೆ, ಮುರಿಯದ ಸ್ಪೇಸ್‌ನಲ್ಲೂ ಮಾಮೂಲಿ ಅಗಲದ್ದು ಒಂದು, ಸಪೂರ ಒಂದು ಇದೆ. ಕೆಲವು ಸಾಫ್ಟ್‌ವೇರ್ ಸಾವಿರಕ್ಕೆ ಸಪೂರ ಹಾಕುತ್ತೆ, ಕೆಲವು ಅಗಲದ್ದು.

ಮಂಜು_ವಿಜಯನಗರ

ಇಷ್ಟೆಲ್ಲ ಸರ್ಕಸ್ ಬದಲು ಇಡೀ ಪ್ರಪಂಚ ಚುಕ್ಕಿ ಬಳಸಬಾರದಾ? ಕಾಮಾ ದಶಮಾಂಶ ಅನ್ನೋದು ಹಳೇ ಕಾಲದ್ದು.

ಶೆಟ್ರು_ಮಂಗಳೂರು

ತಮ್ಮಾ, ನೀವು ಸ್ವಿಫ್ಟ್ ಕಾಪಿ ನೋಡಿಲ್ಲ ಅನ್ಸುತ್ತೆ. ದುಡ್ಡು ಕಳಿಸಿದ್ದೀವಿ ಅಂತ ಗಿರಾಕಿ ಒಂದು ಎಂಟಿ 103 ಕಾಪಿ ಕಳಿಸ್ತಾನಲ್ಲ, ಅದರಲ್ಲಿ ಯಾವ ದೇಶದ್ದೇ ಆಗಲಿ ಕಾಮಾನೇ. ಇವರ ಅಡ್ವಾನ್ಸ್ ಜೂನ್ 12ಕ್ಕೆ ಬಂದರೆ ಹೀಗಿರುತ್ತೆ:

```
:32A:250612EUR1225,65
```

ಮೊದಲು ವರ್ಷ ತಿಂಗಳು ದಿನ, ಆಮೇಲೆ ಕರೆನ್ಸಿ, ಆಮೇಲೆ ಮೊತ್ತ. ಸಾವಿರಕ್ಕೆ ಯಾವ ಗುರುತೂ ಇಲ್ಲ. ನಮ್ಮ ಆಫೀಸ್‌ಗೆ ಹೊಸದಾಗಿ ಬರೋ ಹುಡುಗರು ಇದನ್ನ ನೋಡಿ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ಬಂತು ಸಾರ್ ಅಂತ ಖುಷಿಯಲ್ಲಿ ಓಡಿ ಬರ್ತಾರೆ.

ಲಲಿತಾ_ಲೆಡ್ಜರ್

ಶೆಟ್ರು ಹೇಳಿದ್ದು ಅಪ್ಪಟ ಸತ್ಯ. ಈಗ ಬ್ಯಾಂಕ್‌ಗಳು ಹೋಗ್ತಿರೋ ಐಎಸ್‌ಒ 20022 ಸಂದೇಶದಲ್ಲಿ ಮಾತ್ರ ಚುಕ್ಕಿ. ಹಾಗಾಗಿ 2025ರ ನವೆಂಬರ್‌ವರೆಗೆ ಎರಡೂ ಕಣ್ಣಿಗೆ ಬೀಳ್ತವೆ.

ಬುಗುರಿ_ಚನ್ನಪಟ್ಟಣ

ಫೋನ್ ವಿಚಾರ? ಅವರ ನಂಬರ್ `06 39 98 12 34` ಅಂತ ಇಟ್ಕೊಳ್ಳಿ (ನಿಜವಾದ್ದು ಹಾಕ್ತಿಲ್ಲ). ನಾನು `+33 06 39 98 12 34` ಅಂತ ಸೇವ್ ಮಾಡಿದ್ದು.

ರವಿ_ತುಲೂಸ್

ಸೊನ್ನೆ ತೆಗೀರಿ. `+33 6 39 98 12 34`. ಆ ಸೊನ್ನೆ ಫ್ರಾನ್ಸ್ ಒಳಗಿಂದ ಡಯಲ್ ಮಾಡೋಕೆ ಮಾತ್ರ, +33 ಬಂದ ಮೇಲೆ ಅದಕ್ಕೆ ಕೆಲಸ ಇಲ್ಲ. ನಮ್ಮ 080 ಹೊರಗಿನವರಿಗೆ +91 80 ಆಗುತ್ತಲ್ಲ, ಹಾಗೇ. ಕೆಲವರು ಸಹಿಯಲ್ಲಿ `+33 (0)6` ಅಂತ ಬರೀತಾರೆ, ಒಳಗಿನವರಿಗೂ ಹೊರಗಿನವರಿಗೂ ಒಂದೇ ಸಾಲಿನಲ್ಲಿ ಮುಗಿಸೋಣ ಅಂತ. ಅದನ್ನ ಹಾಗೇ ಕಾಪಿ ಮಾಡಿದರೆ ಫೋನ್ ಸೊನ್ನೆಯನ್ನೂ ಸೇರಿಸಿಕೊಂಡು ಕೂರುತ್ತೆ. ನೀವು ಬರೆಯುವಾಗ ಆವರಣ ಹಾಕಬೇಡಿ.

06, 07 ಮೊಬೈಲ್. 01ರಿಂದ 05 ಮೂಲತಃ ಪ್ರದೇಶದ ಲೆಕ್ಕ, ಲಿಯೋನ್ ಕಡೆ 04. 1996ರ ಅಕ್ಟೋಬರ್‌ನಿಂದ ಎಲ್ಲಾ ಹತ್ತು ಅಂಕಿ, ಬರೆಯೋದು ಎರಡೆರಡಾಗಿ, ಹೇಳೋದೂ ಎರಡೆರಡಾಗಿ. ಫೋನ್‌ನಲ್ಲಿ ಅವರು ನಂಬರ್ ಹೇಳ್ತಾ ನೀವು ಬರ್ಕೊಳ್ಳೋ ಸಂದರ್ಭ ಬಂದರೆ ಒಂದು ಮಾತು ನೆನಪಿಡಿ: ಒಂದು ಜೋಡಿ ಪೂರ್ತಿ ಮುಗಿಯೋವರೆಗೂ ಪೆನ್ ಇಳಿಸಬೇಡಿ. 78 ಹೇಳುವಾಗ ಬಾಯಿಂದ ಮೊದಲು ಬರೋದು ಅರವತ್ತು, ಆಮೇಲೆ ಹದಿನೆಂಟು. 98ಕ್ಕೆ ನಾಲ್ಕು ಇಪ್ಪತ್ತು, ಹದಿನೆಂಟು. ಮೊದಲ ಸದ್ದಿಗೇ 6 ಅಂತ ಬರೆದರೆ ಮುಂದಿನದೆಲ್ಲ ತಪ್ಪು. ಕಾಗದದಲ್ಲಿ ಕೈಬರಹ ಇದ್ದರೆ ಇನ್ನೊಂದು: ಅವರ 1 ಉದ್ದ ಮೂಗಿನ ಜೊತೆ ಇರುತ್ತೆ, ನಮಗೆ 7 ಥರ ಕಾಣುತ್ತೆ. ಅವರ 7ಕ್ಕೆ ಸಾಮಾನ್ಯವಾಗಿ ನಡುವೆ ಅಡ್ಡಗೆರೆ.

ಬುಗುರಿ_ಚನ್ನಪಟ್ಟಣ

ಸೊನ್ನೆ ತೆಗೆದ ತಕ್ಷಣ ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಬಂತು! ನಮ್ಮ ನಂಬರನ್ನ ಅವರಿಗೆ ಹೇಗೆ ಬರೆಯೋದು? ನಾವು ಐದೈದು ಮಾಡ್ತೀವಿ.

ಲಲಿತಾ_ಲೆಡ್ಜರ್

`+91 98xxx xxxxx`, ಐದೈದೇ ಇರಲಿ. ಅದು ಭಾರತದ ನಂಬರ್, ಭಾರತದ ಜೋಡಣೆಯಲ್ಲೇ ಬರಲಿ.

ರವಿ_ತುಲೂಸ್

ನಾನು ಒಪ್ಪಲ್ಲ ಮೇಡಂ. ಇಲ್ಲಿನವರಿಗೆ ಐದು ಅಂಕಿ ಒಟ್ಟಿಗೆ ಓದೋಕೆ ಬರಲ್ಲ, `98xxx` ಅನ್ನೋದನ್ನ ತೊಂಬತ್ತೆಂಟು ಸಾವಿರದ ಅಂತ ಶುರು ಮಾಡ್ತಾರೆ. ನಾನು ಅಮ್ಮನ ನಂಬರ್ ಇಲ್ಲಿನ ಆಫೀಸ್ ಫಾರ್ಮ್‌ಗಳಲ್ಲಿ ಎರಡೆರಡಾಗಿಯೇ ಬರೆಯೋದು.

ಲಲಿತಾ_ಲೆಡ್ಜರ್

ಫಾರ್ಮ್ ಬೇರೆ, ಮೇಲ್ ಬೇರೆ. ಮೇಲ್‌ನಲ್ಲಿ ಯಾರೂ ಓದಿ ಡಯಲ್ ಮಾಡಲ್ಲ, ಒತ್ತುತ್ತಾರೆ. +91 ಇದ್ದರೆ ಆಯ್ತು. ಬುಗುರಿ, ಇದನ್ನ ನಿಮಗೆ ಬೇಕಾದ ಹಾಗೆ ಮಾಡಿ.

ಮಂಜು_ವಿಜಯನಗರ

ನಂದೊಂದು ಪ್ರಶ್ನೆ. ನಾನು ಒಂದು ಫ್ರೆಂಚ್ ಕಂಪನಿ ಜೊತೆ ಇಂಗ್ಲಿಷ್‌ನಲ್ಲಿ ಮೇಲ್ ಮಾಡ್ತೀನಿ. ಅಲ್ಲೂ `4 085,50 €` ಹಾಕಬೇಕಾ?

ಲಲಿತಾ_ಲೆಡ್ಜರ್

ಬೇಡ. ಮೇಲ್ ಯಾವ ಭಾಷೆಯೋ ಅಂಕಿಯೂ ಆ ಭಾಷೆಯದು. ಇಂಗ್ಲಿಷ್ ವಾಕ್ಯದ ನಡುವೆ ಕಾಮಾ ದಶಮಾಂಶ ಬಂದರೆ, ಓದೋ ಫ್ರೆಂಚರೇ ಇದು ಇಂಗ್ಲಿಷ್ ಕಾಮಾನೋ ನಮ್ಮ ಕಾಮಾನೋ ಅಂತ ತಡವರಿಸ್ತಾರೆ. ಎರಡು ದಶಮಾಂಶ ಬಿಡದೆ ಹಾಕಿ, ತಿಂಗಳು ಅಕ್ಷರದಲ್ಲಿ ಬರೆಯಿರಿ, ಸಮಯ 24 ಗಂಟೆಯದು.

ರವಿ_ತುಲೂಸ್

ನಮ್ಮ ಆಫೀಸ್‌ನಲ್ಲಿ ಇಂಗ್ಲಿಷ್ ಮೇಲ್‌ನಲ್ಲೂ ಎಲ್ಲರೂ `4 085,50 €` ಅಂತಲೇ ಬರೀತಾರೆ, ಯಾರೂ ತಡವರಿಸಲ್ಲ. ಓದೋರ ಕಣ್ಣು ಮುಖ್ಯ ಅಲ್ವಾ?

ಲಲಿತಾ_ಲೆಡ್ಜರ್

ಬರೆದವರೂ ಫ್ರೆಂಚರು, ಓದಿದವರೂ ಫ್ರೆಂಚರು, ಅದಕ್ಕೆ ನಡೀತಿದೆ. ಅದೇ ಮೇಲ್ ಬೆಂಗಳೂರಿಗೆ ಫಾರ್ವರ್ಡ್ ಆದಾಗ ನನ್ನ ಟೇಬಲ್‌ಗೆ ಬರ್ತಿತ್ತು.

ಬುಗುರಿ_ಚನ್ನಪಟ್ಟಣ

ಎಲ್ಲರ ಮಾತು ಸೇರಿಸಿ ಹೀಗೆ ಮಾಡಿದ್ದೀನಿ. ಕಾಲ್ ಮಂಗಳವಾರಕ್ಕೆ ಹಾಕಿದೆ.

```
Le jeudi 5 juin 2025
Toupies : 2 500 × 0,85 € = 2 125,00 €
Hochets : 1 200 × 1,375 € = 1 650,00 €
Transport : 310,50 €
Total : 4 085,50 €
Acompte de 30 % : 1 225,65 €
Livraison : S27 (du 30 juin au 6 juillet)
Appel : mardi 10 juin à 14 h 30 (heure de Paris)
```

ಲಲಿತಾ_ಲೆಡ್ಜರ್

ಚೆನ್ನಾಗಿದೆ. ಒಟ್ಟು ಮೊತ್ತದ ಕೆಳಗೆ ಅಕ್ಷರದಲ್ಲೂ ಒಂದು ಸಾಲು ಬರೆಸಿ: `quatre mille quatre-vingt-cinq euros et cinquante centimes`. ಚೆಕ್‌ನಲ್ಲಿ ಅಂಕಿಗೂ ಅಕ್ಷರಕ್ಕೂ ಜಗಳ ಬಂದರೆ ಅಲ್ಲೂ ಇಲ್ಲೂ ಅಕ್ಷರದ ಮಾತೇ ನಡೆಯೋದು. ಇದು ಚೆಕ್ ಅಲ್ಲ, ಆದರೂ ಬೆಲೆಯ ಮೇಲ್‌ನಲ್ಲಿ ಆ ಒಂದು ಸಾಲು ಇದ್ದರೆ ಕಾಮಾ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕಳಿಸೋ ಮುಂಚೆ ನಿಮ್ಮದೇ ಇನ್ನೊಂದು ಐಡಿಗೆ ಕಳಿಸಿ ಮೊಬೈಲ್‌ನಲ್ಲಿ ತೆರೆದು ನೋಡಿ. ಯಾವುದಾದ್ರೂ ಮೊತ್ತ ಎರಡು ಸಾಲಿಗೆ ಮುರಿದಿದ್ರೆ ಅಲ್ಲಿ ಮಾಮೂಲಿ ಸ್ಪೇಸ್ ಉಳಿದಿದೆ ಅಂತ ಲೆಕ್ಕ.

ರವಿ_ತುಲೂಸ್

ಇವತ್ತು 5 ಅಂತ ಹಾಕಿದ್ದೀರಿ, ಸರಕು 30ರಿಂದ 6ರೊಳಗೆ ಲಿಯೋನ್‌ನಲ್ಲಿ ಇರಬೇಕು. ಹಡಗಿನಲ್ಲಿ ಆಗೋ ಮಾತಾ ಇದು? `310,50` ವಿಮಾನದ ರೇಟಾ?

ಬುಗುರಿ_ಚನ್ನಪಟ್ಟಣ

ಅಯ್ಯೋ, ಅದು ಹಡಗಿಂದು. S27 ಅಂದ್ರೆ ಅಷ್ಟು ಬೇಗ ಅಂತ ಈಗ ತಾನೇ ಗೊತ್ತಾಗಿದ್ದು. ಯಜಮಾನರನ್ನ ಕೇಳಿ ಬರ್ತೀನಿ ಇರಿ.

ಶೆಟ್ರು_ಮಂಗಳೂರು

ಏರ್ ರೇಟ್ ಬೇಕಿದ್ರೆ ಫಾರ್ವರ್ಡರ್‌ಗೆ ತೂಕ, ಡಬ್ಬಿ ಅಳತೆ ಎರಡೂ ಕೊಡಿ. ಮರದ ಸಾಮಾನು ಹಗುರ, ಅಳತೆ ಮೇಲೇ ಹಾಕ್ತಾರೆ.